62 ಸಾವಿರ ವ್ಯೂಸ್ ಬಂತು, ಒಂದು ಕುರ್ತಾನೂ ಹೋಗಲಿಲ್ಲ. ಪಂಚಮಿಗೆ ಯಾರಿಗೆ ಬಟ್ಟೆ ಕೊಡಲಿ?

ಬೆಟಗೇರಿ ಅಂಗಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ-ಬೆಟಗೇರಿಯಲ್ಲಿ ಸಣ್ಣ ಅಂಗಡಿ. ಕೈಮಗ್ಗದ ಕಾಟನ್ ಮತ್ತು ಖಣದ ಬಟ್ಟೆಯಲ್ಲಿ ಕುರ್ತಾ, ಬ್ಲೌಸ್ ಹೊಲಿಸಿ ಮಾರುತ್ತೇವೆ. ಒಂದು ಕುರ್ತಾ ತಯಾರಾಗಲು ಬಟ್ಟೆ, ಹೊಲಿಗೆ, ಗುಂಡಿ ಎಲ್ಲ ಸೇರಿ 640 ರೂಪಾಯಿ ಬೀಳುತ್ತದೆ. ಮಾರೋದು 1,250ಕ್ಕೆ.

ಹೋದ ದೀಪಾವಳಿಗೆ 41 ಸಾವಿರ ಫಾಲೋವರ್ಸ್ ಇದ್ದ ಒಬ್ಬರಿಗೆ ಎರಡು ಕುರ್ತಾ, ಒಂದು ಖಣದ ಡ್ರೆಸ್ ಕೊಟ್ಟೆ. ದುಡ್ಡು ಕೇಳಲಿಲ್ಲ, ಬಟ್ಟೆ ಸಾಕು ಅಂದರು. ರೀಲ್ ಚೆನ್ನಾಗಿಯೇ ಬಂತು. 62 ಸಾವಿರ ವ್ಯೂಸ್, 1,900 ಲೈಕ್. ಫೋನ್ ಬಂದಿದ್ದು ಮೂರೇ ಮೂರು. ಎರಡು ಹಿಂದಿಯವರದು, ಹೋಲ್‌ಸೇಲ್ ರೇಟ್ ಎಷ್ಟು ಅಂತ. ಇನ್ನೊಂದು ನಮ್ಮ ಚಿಕ್ಕಮ್ಮನದು, ನೋಡಿದೆ ಅಂತ ಹೇಳೋಕೆ.

ಈಗ ಪಂಚಮಿ ಬರ್ತಿದೆ. ಹೆಣ್ಣುಮಕ್ಕಳು ತವರಿಗೆ ಬರೋ ಹೊತ್ತು, ನಮಗೆ ದೀಪಾವಳಿಗಿಂತ ದೊಡ್ಡ ಸೀಸನ್. ಮೂರು ಜನ ಕಣ್ಣಲ್ಲಿದ್ದಾರೆ. ಹೆಸರು ಹಾಕಲ್ಲ.

ಹುಬ್ಬಳ್ಳಿಯವರು: 38 ಸಾವಿರ ಫಾಲೋವರ್ಸ್, ಫ್ಯಾಷನ್ ರೀಲ್ಸ್. ಮೂರು ಡ್ರೆಸ್ ಮತ್ತು 5,000 ರೂಪಾಯಿ ಕೇಳುತ್ತಿದ್ದಾರೆ.

ಧಾರವಾಡದ ಮೇಡಂ: 9,200. ಪಾಠ ಮಾಡ್ತಾರೆ, ದಿನಾ ಉಟ್ಟ ಕಾಟನ್ ಸೀರೆ ತೋರಿಸ್ತಾರೆ. ಒಂದು ಕುರ್ತಾ ಸಾಕು, ಆದರೆ ಮಾತಾಡಬೇಕು ಅಂದಿದ್ದಾರೆ.

ಗದಗದ ಒಬ್ಬ ಅಕ್ಕ: 4,100. ಜೋಳದ ರೊಟ್ಟಿ, ಎಣಗಾಯಿ, ಮನೆ ಮಾತು. ಬಟ್ಟೆಗೂ ಅವರಿಗೂ ಸಂಬಂಧವೇ ಇಲ್ಲ. ಏನೂ ಕೇಳಿಲ್ಲ, ನಾನೇ ಯೋಚನೆ ಮಾಡ್ತಿದ್ದೇನೆ.

ಮೂವರಿಗೂ ಕೊಡುವ ಶಕ್ತಿ ಇಲ್ಲ. ಇಬ್ಬರನ್ನ ಆರಿಸಬೇಕು.

ಡಿಜಿಟಲ್ ಮಾವ

ಇದು ಸುಲಭ ಮೇಡಂ. ಸರಾಸರಿ ಲೈಕ್ ತಗೊಳ್ಳಿ, ಫಾಲೋವರ್ಸ್ ಸಂಖ್ಯೆಯಿಂದ ಭಾಗಿಸಿ. ನೂರಕ್ಕೆ ಮೂರರ ಮೇಲೆ ಬಂದರೆ ಅಸಲಿ, ಕೆಳಗೆ ಬಂದರೆ ನಕಲಿ. ಎರಡೇ ನಿಮಿಷದ ಕೆಲಸ.

ಬೆಟಗೇರಿ ಅಂಗಡಿ

ಮಾಡಿದೆ ಸರ್. ಹುಬ್ಬಳ್ಳಿಯವರಿಗೆ ಸರಾಸರಿ 1,450 ಲೈಕ್, ಅಂದರೆ ನೂರಕ್ಕೆ 3.8. ಧಾರವಾಡದ ಮೇಡಂಗೆ 310, ಅದು 3.4. ಗದಗದ ಅಕ್ಕನಿಗೆ ಬರೀ 95, 2.3 ಆಗುತ್ತೆ. ಹಾಗಾದರೆ ಹುಬ್ಬಳ್ಳಿಯವರೇನಾ?

ಡಿಜಿಟಲ್ ಮಾವ

ಲೆಕ್ಕ ಹಾಗೇ ಹೇಳ್ತಿದೆಯಲ್ಲ. ರೊಟ್ಟಿ ಅಕ್ಕನ ಫಾಲೋವರ್ಸ್ ಅರ್ಧ ನಕಲಿ ಇರಬೇಕು.

ಕೇಶ್ವಾಪುರದವ

ತಡೀರಿ, ತಡೀರಿ. ಬಟ್ಟೆ ಕಳಿಸಬೇಡಿ ಇನ್ನೂ.

ನಾನು ಹುಬ್ಬಳ್ಳಿಯಲ್ಲಿ ಆರು ವರ್ಷದಿಂದ ಸೀರೆ ಅಂಗಡಿ, ರೆಡಿಮೇಡ್ ಅಂಗಡಿಗಳಿಗೆ ಇದೇ ಕೆಲಸ ಮಾಡಿಕೊಡುತ್ತೇನೆ. ಮಾವ ಹೇಳಿದ ಭಾಗಾಕಾರ ಸುಳ್ಳಲ್ಲ. ಆದರೆ ಫಾಲೋವರ್ಸ್ ಮಾರೋರು ಲೈಕೂ ಮಾರುತ್ತಾರೆ. ಎರಡನ್ನೂ ಕೊಂಡವರ ಲೆಕ್ಕ ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ಅದಕ್ಕೆ ಸರಾಸರಿ ನೋಡಬೇಡಿ, ಏರಿಳಿತ ನೋಡಿ.

ಅಸಲಿ ಜನ ಇದ್ದ ಕಡೆ ವ್ಯೂಸ್ ಜೊತೆ ಲೈಕ್ ಏರುತ್ತೆ, ಇಳಿಯುತ್ತೆ. ಒಂದು ರೀಲ್ ಓಡುತ್ತೆ, ಇನ್ನೊಂದು ಬೀಳುತ್ತೆ. ಕೊಂಡ ಲೈಕ್ ಹಾಗಲ್ಲ. ಪ್ರತಿ ಪೋಸ್ಟಿಗೆ ಇಷ್ಟು ಅಂತ ಪ್ಯಾಕೇಜ್ ಇರುತ್ತದೆ, ಸಂಬಳದ ಹಾಗೆ ಒಂದೇ ಮೊತ್ತ ಬೀಳುತ್ತದೆ. ಮೂವರದೂ ಕೊನೆಯ ಹತ್ತು ರೀಲ್ ತೆಗೆದು ವ್ಯೂಸ್, ಲೈಕ್ ಪಕ್ಕಪಕ್ಕ ಬರೆಯಿರಿ. ಮೇಲೆ ಪಿನ್ ಮಾಡಿದ್ದನ್ನು ಬಿಡಿ, ಅದು ಅವರೇ ಆರಿಸಿಟ್ಟ ಚೆಂದದ್ದು. ಗಿವ್‌ಅವೇ ಮಾಡಿದ್ದನ್ನೂ ಬಿಡಿ.

ಆಮೇಲೆ ಕಾಮೆಂಟ್ ಓದಿ. ಎಣಿಸೋದಲ್ಲ, ಓದೋದು. ಮೂರು ಗುಡ್ಡೆ ಮಾಡಿ. ಒಂದು, ವಸ್ತುವಿನ ಬಗ್ಗೆ ಕೇಳಿದ್ದು: ಎಷ್ಟು, ಎಲ್ಲಿ ಸಿಗುತ್ತೆ, ಬಣ್ಣ ಹೋಗುತ್ತಾ. ಎರಡು, ಅವರ ಜೊತೆ ಮಾತಾಡಿದ್ದು. ಮೂರು, ಯಾವ ರೀಲಿಗೆ ಹಾಕಿದರೂ ನಡೆಯುವಂಥದ್ದು: ಸೂಪರ್ ಡಿಯರ್, ಬೆಂಕಿ, ಹಾರ್ಟ್. ಒಂದೇ ಹೆಸರುಗಳು ಪದೇ ಪದೇ ಬರುತ್ತವಾ ಅದನ್ನೂ ಗುರುತು ಹಾಕಿ.

ಒಂದು ಸಂಜೆ ಹಿಡಿಯುತ್ತದೆ. ಅಂಗಡಿ ಮುಚ್ಚಿದ ಮೇಲೆ ಮಾಡಿ.

ಬೇಕರಿ ಹಾವೇರಿ

ನಾನೂ ಇದೇ ಕೇಳಬೇಕು ಅಂದ್ಕೊಂಡಿದ್ದೆ. ನಮ್ಮ ಬೇಕರಿ ಪೇಜಿಗೆ ಫಾಲೋವರ್ಸ್ ಜಾಸ್ತಿ ಮಾಡೋದು ಹೇಗೆ? 600 ರೂಪಾಯಿಗೆ 5,000 ಕೊಂಡಿದ್ದೆ. ಎರಡು ತಿಂಗಳಲ್ಲಿ ಎರಡು ಸಾವಿರ ಮಾಯ. ಯಾರ ಹತ್ತಿರ ಕೊಂಡರೆ ನಿಲ್ಲುತ್ತೆ?

ಕೇಶ್ವಾಪುರದವ

ಅಣ್ಣಾ, ಪ್ರಶ್ನೆ ಅದಲ್ಲ. ಆದರೆ ನೀವು ಬಂದಿದ್ದು ಒಳ್ಳೇದೇ ಆಯ್ತು. ಉಳಿದ ಮೂರು ಸಾವಿರ ಯಾರು ಅಂತ ಒಮ್ಮೆ ನೋಡಿ ಹೇಳ್ತೀರಾ?

ಬೇಕರಿ ಹಾವೇರಿ

ನೋಡಿದೆ. ಯಾರ್‍ಯಾರೋ. ಹೆಸರಿನ ಮುಂದೆ ಏಳೆಂಟು ಅಂಕಿ. ಫೋಟೋ ಇಲ್ಲ, ಪೋಸ್ಟ್ ಸೊನ್ನೆ. ಒಬ್ಬೊಬ್ಬರು ಆರೂವರೆ ಸಾವಿರ, ಏಳು ಸಾವಿರ ಜನರನ್ನ ಫಾಲೋ ಮಾಡಿದ್ದಾರೆ. ಇಷ್ಟು ಜನರನ್ನ ನೋಡ್ತಾ ಕೂತರೆ ಊಟ ಯಾವಾಗ ಮಾಡ್ತಾರೋ. ಒಬ್ಬರೂ ಕೇಕ್ ಎಷ್ಟು ಅಂತ ಕೇಳಿಲ್ಲ.

ಕೇಶ್ವಾಪುರದವ

ನಕಲಿ ಮಂದಿಯ ಗುರುತು ಇದೇ. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಖಾತೆ 7,500ಕ್ಕಿಂತ ಜಾಸ್ತಿ ಜನರನ್ನು ಫಾಲೋ ಮಾಡೋಕೆ ಬರಲ್ಲ. ಮಾರಾಟದ ಖಾತೆಗಳು ಆ ಗಡಿಯ ಹತ್ತಿರ ಹೋಗಿ ನಿಂತಿರುತ್ತವೆ. ಆಗಾಗ ಕಂಪನಿ ಇವನ್ನು ತೆಗೆದು ಹಾಕುತ್ತೆ, ನಿಮ್ಮ ಎರಡು ಸಾವಿರ ಹಾಗೇ ಹೋಗಿರಬೇಕು.

ಬೆಟಗೇರಿ ಅಂಗಡಿ

ಎರಡು ಸಂಜೆ ಹಿಡೀತು ಸರ್. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಹುಬ್ಬಳ್ಳಿಯವರ ಒಂದು ರೀಲಿಗೆ 6 ಸಾವಿರ ವ್ಯೂಸ್, 1,420 ಲೈಕ್. ಇನ್ನೊಂದಕ್ಕೆ 58 ಸಾವಿರ ವ್ಯೂಸ್, 1,490 ಲೈಕ್. ಹತ್ತರಲ್ಲಿ ಎಂಟು ರೀಲಿಗೆ ಲೈಕ್ 1,400ರಿಂದ 1,500ರ ನಡುವೆಯೇ. ನೀವು ಹೇಳಿದ ಸಂಬಳ! ಕಾಮೆಂಟ್ ಒಟ್ಟು 412. ಬಟ್ಟೆ ಬಗ್ಗೆ ಕೇಳಿದ್ದು ಆರು, ಅದರಲ್ಲಿ ನಾಲ್ಕಕ್ಕೆ ಅವರು ಉತ್ತರವನ್ನೇ ಕೊಟ್ಟಿಲ್ಲ. 17 ಹೆಸರು ಹತ್ತೂ ರೀಲಿನಲ್ಲಿ ಇವೆ. ಆ 17ರಲ್ಲಿ ಹೆಚ್ಚಿನವರು ತಾವೂ ರೀಲ್ಸ್ ಮಾಡೋರೇ.

ಧಾರವಾಡದ ಮೇಡಂ ಲೈಕ್ 90ಕ್ಕೂ ಇಳಿದಿದೆ, ಒಮ್ಮೆ 1,100ಕ್ಕೂ ಹೋಗಿದೆ. ಕಾಮೆಂಟ್ 186. ಬಟ್ಟೆಯ ಪ್ರಶ್ನೆ 40ರ ಮೇಲಿವೆ. "ಪಿಷ್ಟ ಹಾಕಬೇಕಾ", "ಇಳಕಲ್ ಸೆರಗಿಗೆ ಯಾವ ಬಣ್ಣದ ಬ್ಲೌಸ್", ಇಂಥವು.

ಗದಗದ ಅಕ್ಕನದು 131. ಮುಕ್ಕಾಲು ಪಾಲು ಮಾತೇ. "ನಮ್ಮ ಮನ್ಯಾಗೂ ಹಿಂಗ ಮಾಡ್ತೀವ್ರಿ", "ಅತ್ತಿ ಹ್ಯಾಂಗದಾರ". ಒಂದು ರೀಲಿನಲ್ಲಿ ರೊಟ್ಟಿ ಬಡಿಯುವಾಗ ಉಟ್ಟ ಸೀರೆ ಬಗ್ಗೆ ಐದು ಜನ ಕೇಳಿದ್ದಾರೆ. ಅವರು ತೋರಿಸಿದ್ದು ರೊಟ್ಟಿ! ಐವರಿಗೂ ಅಂಗಡಿ ಹೆಸರು ಹೇಳಿ ಉತ್ತರ ಕೊಟ್ಟಿದ್ದಾರೆ.

ಆದರೆ ಒಂದು ಅನುಮಾನ. ಮೂವರದೂ ಫಾಲೋವರ್ಸ್ ಪಟ್ಟಿಯಲ್ಲಿ ನಡುವಿನಿಂದ 50 ಜನರನ್ನು ತೆಗೆದು ನೋಡಿದೆ. ಹುಬ್ಬಳ್ಳಿಯವರದ್ದರಲ್ಲಿ 19 ಜನಕ್ಕೆ ಮುಖ ಇಲ್ಲ. ಗದಗದ ಅಕ್ಕನದ್ದರಲ್ಲಿ 21 ಜನಕ್ಕೆ ಇಲ್ಲ. ಮಾವ ಹೇಳಿದ್ದೇ ಸರಿ ಏನೋ ಅನಿಸ್ತಿದೆ.

ಡಿಜಿಟಲ್ ಮಾವ

ನೋಡಿದ್ರಾ.

ಕೇಶ್ವಾಪುರದವ

ಆ 21 ಜನಕ್ಕೆ ಮುಖದ ಬದಲು ಏನಿದೆ?

ಬೆಟಗೇರಿ ಅಂಗಡಿ

ದೇವರು, ಗುಲಾಬಿ ಹೂ, ಮೊಮ್ಮಗು. ಎಲ್ಲ ಪ್ರೈವೇಟ್ ಖಾತೆ. ಪೋಸ್ಟ್ ಸೊನ್ನೆ ಅಥವಾ ಎರಡು.

ಕೇಶ್ವಾಪುರದವ

ಅವರು ಎಷ್ಟು ಜನರನ್ನ ಫಾಲೋ ಮಾಡಿದ್ದಾರೆ?

ಬೆಟಗೇರಿ ಅಂಗಡಿ

ನೂರು, ಇನ್ನೂರು. ಒಬ್ಬರದು 43. ಹುಬ್ಬಳ್ಳಿಯವರ 19ರಲ್ಲಿ 14 ಜನ ಐದು ಸಾವಿರದ ಮೇಲೆ.

ಕೇಶ್ವಾಪುರದವ

ಮುಗೀತಲ್ಲ. ಆ 21 ಜನ ನಕಲಿ ಅಲ್ಲ ಅಕ್ಕಾ, ನಿಮ್ಮ ಗಿರಾಕಿಗಳು.

ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳು ಸ್ವಂತ ಫೋಟೋ ಹಾಕೋದು ಕಡಿಮೆ. ಯಲ್ಲಮ್ಮನ ಫೋಟೋ ಹಾಕಿ, ಖಾತೆ ಪ್ರೈವೇಟ್ ಮಾಡಿ, ಲೈಕ್ ಒತ್ತದೆ ಸುಮ್ನೆ ನೋಡ್ತಾರೆ. ಲೈಕ್ ಮಾಡಿದರೆ ಯಾರಾದ್ರೂ ನೋಡ್ತಾರೆ ಅನ್ನೋ ಅಂಜಿಕೆ ಬೇರೆ. ಅದಕ್ಕೇ ಆ ಅಕ್ಕನ ಲೆಕ್ಕ 2.3ಕ್ಕೆ ನಿಂತಿದ್ದು. ನಕಲಿ ಪತ್ತೆ ಹಚ್ಚುವ ವೆಬ್‌ಸೈಟುಗಳೂ ಫೋಟೋ ಇಲ್ಲ, ಪೋಸ್ಟ್ ಇಲ್ಲ ಅಂತ ಇಂಥವರನ್ನು ಅನುಮಾನದ ಪಟ್ಟಿಗೆ ಹಾಕೋದನ್ನ ನಾನು ನೋಡಿದ್ದೇನೆ. ಅಲ್ಲಿ ಬರೋ ಅಂಕಿಯನ್ನು ಪೂರ್ತಿ ನಂಬಬೇಡಿ.

ಇನ್ನೊಂದು ಬಾಕಿ ಇದೆ. ಮೂವರಿಗೂ ಇನ್‌ಸೈಟ್ಸ್ ಕೇಳಿ. ಫಾಲೋವರ್ಸ್ ಯಾವ ಊರಿನವರು, ಗಂಡಸರೆಷ್ಟು, ಹೆಂಗಸರೆಷ್ಟು ಅಂತ ಅದರಲ್ಲಿ ಬರುತ್ತೆ. ಸ್ಕ್ರೀನ್‌ಶಾಟ್ ಬೇಡ, ತಿದ್ದಬಹುದು. ಪ್ರೊಫೈಲಿನಿಂದ ಶುರು ಮಾಡಿ ಆ ಪುಟ ತೆರೆಯುವವರೆಗೆ ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಿ ಅನ್ನಿ. ಮರ್ಯಾದೆಯಿಂದ ಕೇಳಿದರೆ ಹೆಚ್ಚಿನವರು ಕಳಿಸ್ತಾರೆ.

ಬೆಟಗೇರಿ ಅಂಗಡಿ

ಮೂವರೂ ಕಳಿಸಿದರು. ಹುಬ್ಬಳ್ಳಿಯವರದು ನೋಡಿ ಬೇಜಾರಾಯ್ತು. ಮೊದಲು ಮುಂಬೈ, ಆಮೇಲೆ ಲಕ್ನೋ, ಪಾಟ್ನಾ. ಹುಬ್ಬಳ್ಳಿ ನಾಲ್ಕನೇದು. ನೂರಕ್ಕೆ 71 ಗಂಡಸರು. ಕೇಳಿದ್ದಕ್ಕೆ ಅವರೇ ಹೇಳಿದರು, ಎರಡು ವರ್ಷದ ಹಿಂದೆ ಹಿಂದಿ ಹಾಡಿಗೆ ಮಾಡಿದ ಒಂದು ರೀಲ್ ಸಿಕ್ಕಾಪಟ್ಟೆ ಓಡಿತಂತೆ, ಆಗ ಬಂದವರು ಅಂತ. ಸುಳ್ಳು ಹೇಳಿದ ಹಾಗೆ ಅನಿಸಲಿಲ್ಲ.

ಮೇಡಂದು ಧಾರವಾಡ, ಹುಬ್ಬಳ್ಳಿ, ಬೆಂಗಳೂರು, ಬೆಳಗಾವಿ. ಅಕ್ಕನದು ಗದಗ, ಹುಬ್ಬಳ್ಳಿ, ಬೆಂಗಳೂರು. ಇಬ್ಬರದೂ ನೂರಕ್ಕೆ 80ರ ಮೇಲೆ ಹೆಂಗಸರು.

ಕೇಶ್ವಾಪುರದವ

ಅವರು ಹೇಳಿದ್ದು ನಿಜವೇ ಇರಬಹುದು. ಲೈಕ್ ಕೊಂಡಿದ್ದಾರೆ ಅನ್ನೋ ಅನುಮಾನ ನನಗೆ ಇದ್ದೇ ಇದೆ, ಆದರೆ ಮುಂಬೈ ಮಂದಿ ಅಸಲಿ ಮನುಷ್ಯರೇ. ನಿಮ್ಮ ಗಿರಾಕಿಗಳಲ್ಲ, ಅಷ್ಟೇ. ದೀಪಾವಳಿಯ ನಿಮ್ಮ 62 ಸಾವಿರ ವ್ಯೂಸ್ ಕತೆಯೂ ಬಹುಶಃ ಇದೇ. ಬೆಂಗಳೂರು ಬಂದಿದ್ದಕ್ಕೆ ಚಿಂತೆ ಬೇಡ. ಕೊರಿಯರ್ ಮಾಡ್ತೀರಲ್ಲ? ಅಲ್ಲಿರೋರಲ್ಲಿ ಪಂಚಮಿಗೆ ಊರಿಗೆ ಬರೋ ನಮ್ಮವರೂ ಇರ್ತಾರೆ.

ಸಪ್ತಾಪುರ ಕ್ಯಾಮೆರಾ

ಎಲ್ಲರೂ ಅಂಗಡಿಯವರ ಕಡೆಯಿಂದ ಮಾತಾಡ್ತಿದ್ದೀರಿ. ನಾನು ರೀಲ್ಸ್ ಮಾಡೋಳು, 7 ಸಾವಿರ ಫಾಲೋವರ್ಸ್. ನನ್ನದೂ ಸ್ವಲ್ಪ ಕೇಳಿ.

ಒಬ್ಬರು "ಸೀರೆ ಕೊಡ್ತೀವಿ, ರೀಲ್ ಮಾಡಿ" ಅಂದರು. ಬಂದ ಸೀರೆ ಅವರ ಹತ್ತಿರ ಮಾರಾಟವಾಗದೆ ಉಳಿದ ಬಣ್ಣ. ಫಾಲ್, ಪೀಕೋ, ಬ್ಲೌಸ್ ಹೊಲಿಗೆ ಸೇರಿ ನನ್ನ ಕೈಯಿಂದ 700 ಹೋಯ್ತು. ಉಣಕಲ್ ಕೆರೆ ಹತ್ತಿರ ಶೂಟ್ ಮಾಡೋಕೆ ಅರ್ಧ ದಿನ, ಎಡಿಟಿಂಗಿಗೆ ಒಂದು ರಾತ್ರಿ. ಮೂರು ಸಲ ತಿದ್ದಿಸಿದರು. ಆಮೇಲೆ ನನ್ನ ವಿಡಿಯೋನ ಎಂಟು ತಿಂಗಳು ಜಾಹೀರಾತಾಗಿ ಓಡಿಸಿದರು, ನನಗೆ ಒಂದು ಮಾತು ಹೇಳಲಿಲ್ಲ. ಬೇರೆ ಅಂಗಡಿಯವರು "ನೀವು ಅವರ ಮಾಡೆಲ್ ಅಲ್ವಾ" ಅಂತ ನನ್ನ ಕರೆಯೋದನ್ನೇ ಬಿಟ್ಟರು.

ಬೆಟಗೇರಿ ಅಕ್ಕಾ, "ಏನೂ ಕೇಳಿಲ್ಲ" ಅಂತ ಬರೆದಿದ್ದೀರಲ್ಲ, ಅದು ಪುಕ್ಕಟೆ ಅಂತ ಅರ್ಥ ಅಲ್ಲ. ಅವರಿಗೆ ಕೇಳೋಕೆ ಗೊತ್ತಿಲ್ಲ, ಅಷ್ಟೇ.

ಡಿಜಿಟಲ್ ಮಾವ

1,250ರ ಕುರ್ತಾ ಸಿಗುತ್ತಲ್ಲ ತಂಗಿ, ಅದು ಕೂಲಿ ಅಲ್ವಾ?

ಸಪ್ತಾಪುರ ಕ್ಯಾಮೆರಾ

ಕರೆಂಟ್ ಬಿಲ್ ಕುರ್ತಾದಲ್ಲಿ ಕಟ್ಟೋಕಾಗುತ್ತಾ ಮಾವ?

ಕೇಶ್ವಾಪುರದವ

ಇಲ್ಲಿ ತಂಗಿ ಹೇಳೋದು ಸರಿ. ನಾನು ಮಾಡೋ ರೀತಿ ಹೇಳ್ತೀನಿ. ಬಟ್ಟೆಗೆ ಬಟ್ಟೆಯಷ್ಟೇ ಕೆಲಸ: ಅವರು ತಾವೇ ಆರಿಸಿಕೊಂಡ ಒಂದು ಕುರ್ತಾ, ಅದಕ್ಕೆ ಒಂದು ರೀಲ್ ಮತ್ತು ಎರಡು ಸ್ಟೋರಿ. ಹೊಲಿಗೆ, ಕೊರಿಯರ್, ಅಳತೆ ಸರಿಯಾಗದಿದ್ದರೆ ಬದಲಾಯಿಸೋ ಖರ್ಚು ಅಂಗಡಿಯವರದು. ತಿದ್ದುಪಡಿ ಒಂದೇ ಸಲ, ಅದೂ ಬೆಲೆ, ವಿಳಾಸ, ಬಟ್ಟೆಯ ಹೆಸರು ತಪ್ಪಿದ್ದರೆ ಮಾತ್ರ. "ಇನ್ನೂ ಸ್ವಲ್ಪ ನಗಬೇಕಿತ್ತು" ಅನ್ನೋದೆಲ್ಲ ನಡೆಯಲ್ಲ. ವಿಡಿಯೋನ ನಿಮ್ಮ ಪೇಜಿನಲ್ಲಿ ಹಂಚಿಕೊಳ್ಳಬಹುದು. ದುಡ್ಡು ಹಾಕಿ ಜಾಹೀರಾತಾಗಿ ಓಡಿಸುವುದಾದರೆ ಅದಕ್ಕೆ ಬೇರೆ ಹಣ, ಬೇರೆ ಗಡುವು. ಬೇರೆ ಅಂಗಡಿಗೆ ಮಾಡಬಾರದು ಅಂತ ಕಟ್ಟಿಹಾಕುವುದಾದರೆ ಬಟ್ಟೆ ಸಾಲದು, ದುಡ್ಡು ಕೊಡಲೇಬೇಕು.

ಇದನ್ನೆಲ್ಲ ಒಂದು ವಾಟ್ಸಾಪ್ ಮೆಸೇಜಿನಲ್ಲಿ ಬರೆದು "ಒಪ್ಪಿದೆ" ಅಂತ ಉತ್ತರ ತಗೊಳ್ಳಿ, ಸಾಕು.

ಹೊಗಳಲೇಬೇಕು ಅನ್ನೋ ಷರತ್ತು ಮಾತ್ರ ಹಾಕಬೇಡಿ. ಬಣ್ಣ ಬಿಡ್ತು ಅಂದರೆ ಬಿಡ್ತು ಅನ್ನಲಿ.

ಬೇಕರಿ ಹಾವೇರಿ

ಅದು ಹೇಗ್ರಿ? ನಾನು ಕೇಕ್ ಕೊಟ್ಟು, ಅವರು ಸಪ್ಪೆ ಅಂತ ವಿಡಿಯೋ ಹಾಕಿದರೆ?

ಸಪ್ತಾಪುರ ಕ್ಯಾಮೆರಾ

ಮೊದಲು ನಿಮಗೆ ಹೇಳ್ತೀವಿ ಅಣ್ಣಾ. ಇಷ್ಟ ಆಗದಿದ್ದರೆ ವಾಪಸ್ ಕೊಟ್ಟು, ರೀಲೇ ಮಾಡಲ್ಲ. ಕೇಕ್ ವಾಪಸ್ ಕೊಡೋಕೆ ಬರಲ್ಲ, ಅದು ಬೇರೆ.

ಕೇಶ್ವಾಪುರದವ

ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಕೆಟ್ಟದ್ದಿದ್ದರೆ ಸುಮ್ಮನಾಗೋದಾದರೆ ನೋಡುವವರಿಗೆ ಒಳ್ಳೇದಷ್ಟೇ ಕಾಣುತ್ತೆ. ಇರಲಿ, ಇದು ಬೇರೆ ಜಗಳ.

ಲೆಕ್ಕದ ಪುಸ್ತಕ

ಎರಡು ಮಾತು ಸೇರಿಸ್ತೀನಿ. ದುಡ್ಡು ಕೊಡದೆ ಬರೀ ಬಟ್ಟೆ ಕೊಟ್ಟರೂ ಅದು ಜಾಹೀರಾತೇ. ಜಾಹೀರಾತು ಕ್ಷೇತ್ರದ ಸಂಸ್ಥೆ ಎಎಸ್‌ಸಿಐ 2021ರಿಂದ ಹಾಗೇ ಹೇಳುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೂ 2023ರ ಜನವರಿಯಲ್ಲಿ ಅದನ್ನೇ ಹೇಳಿತು. ಅದಕ್ಕೆ ರೀಲಿನಲ್ಲೇ ಕಾಣುವ ಹಾಗೆ "ಜಾಹೀರಾತು" ಅಂತ ಹಾಕಿಸಿ. ಇಪ್ಪತ್ತು ಹ್ಯಾಷ್‌ಟ್ಯಾಗ್ ನಡುವೆ ಬಚ್ಚಿಟ್ಟರೆ ಲೆಕ್ಕಕ್ಕಿಲ್ಲ.

ಇನ್ನೊಂದು, 2022ರ ಜುಲೈನಿಂದ ಒಬ್ಬರಿಗೆ ವರ್ಷಕ್ಕೆ 20 ಸಾವಿರದ ಮೇಲೆ ಬೆಲೆಬಾಳುವ ವಸ್ತು ಹೀಗೆ ಕೊಟ್ಟು, ಅವರು ಅದನ್ನು ಇಟ್ಟುಕೊಂಡರೆ, ನೂರಕ್ಕೆ ಹತ್ತು ಟಿಡಿಎಸ್ ನಿಯಮ ಬಂದಿದೆ. ಒಂದು ಕೋಟಿಯೊಳಗೆ ವ್ಯಾಪಾರ ಇರುವ ಒಬ್ಬರದೇ ಅಂಗಡಿಗೆ ವಿನಾಯ್ತಿ ಇದೆ. ನಿಮಗೆ ತಾಗಲ್ಲ. ಕೊಟ್ಟ ಬಟ್ಟೆಯನ್ನು ಪುಸ್ತಕದಲ್ಲಿ ಬರೆದಿಡಿ ಅಷ್ಟೇ, ವರ್ಷದ ಕೊನೆಗೆ ಸ್ಟಾಕ್ ಕಡಿಮೆ ಯಾಕೆ ಅಂತ ತಲೆ ಕೆರೆದುಕೊಳ್ಳೋದು ತಪ್ಪುತ್ತೆ.

ಬೆಟಗೇರಿ ಅಂಗಡಿ

ಹುಬ್ಬಳ್ಳಿಯವರಿಗೆ ಸದ್ಯ ಬೇಡ ಅಂತ ಹೇಳಿದೆ. ಮೇಡಂ ಮತ್ತು ಅಕ್ಕನ ಜೊತೆ ಮಾತಾಗಿದೆ. ಮೇಡಂಗೆ ಒಂದು ಕುರ್ತಾ, ಜೊತೆಗೆ 60 ದಿನ ಜಾಹೀರಾತಾಗಿ ಓಡಿಸೋಕೆ 1,500. ಅಕ್ಕನಿಗೆ ಒಂದು ಕುರ್ತಾ, ಒಂದು ಖಣದ ಬ್ಲೌಸ್ ಹೊಲಿಸಿ ಕೊಟ್ಟೆ. ನನಗೆ ಬಿದ್ದಿದ್ದು 990.

ಯಾರಿಂದ ಗಿರಾಕಿ ಬಂದರು ಅಂತ ತಿಳಿಯೋದು ಹೇಗೆ? ಕೂಪನ್ ಕೋಡ್ ಇಡಲಾ?

ಕೇಶ್ವಾಪುರದವ

ನಮ್ಮ ಊರಲ್ಲಿ ಕೂಪನ್ ನಡೆಯೋದು ಅಷ್ಟಕ್ಕಷ್ಟೇ. ಕೋಡ್ ಯಾರೂ ಹೇಳಲ್ಲ, ನೇರ "ಎಷ್ಟಕ್ಕ ಕೊಡ್ತೀರಿ" ಅಂತ ಶುರು. ವಾಟ್ಸಾಪ್ ಲಿಂಕ್ ಕೊಡಿ. ಒಬ್ಬೊಬ್ಬರಿಗೆ text= ಆದಮೇಲಿನ ಅಕ್ಷರ ಬೇರೆ ಇರಲಿ:

```
https://wa.me/91XXXXXXXXXX?text=G1
https://wa.me/91XXXXXXXXXX?text=D1
```

ಒತ್ತಿದವರ ಮೆಸೇಜ್ ಪೆಟ್ಟಿಗೆಯಲ್ಲಿ ಆ ಅಕ್ಷರ ತಾನಾಗಿ ಬಂದಿರುತ್ತೆ, ಅವರು ಕಳಿಸಿದರೆ ಸಾಕು. ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಆಗಿ ಹಾಕಿಸಿ.

ಮೇಡಂಗೆ ಈಗಲೇ ಹೇಳಿ, ರೀಲಿಗೆ ಸಿನಿಮಾ ಹಾಡು ಬೇಡ. ಅಂಥ ಹಾಡು ಇದ್ದರೆ ಆಮೇಲೆ ದುಡ್ಡು ಹಾಕಿ ಓಡಿಸೋಕೆ ಇನ್‌ಸ್ಟಾಗ್ರಾಮ್ ಬಿಡಲ್ಲ. ಅವರದೇ ದನಿಯಲ್ಲಿ ಮಾತಾಡಲಿ.

ಬೆಟಗೇರಿ ಅಂಗಡಿ

ಪಂಚಮಿ ಮುಗೀತು. ಲೆಕ್ಕ ಹೇಳ್ತೀನಿ.

ಮೇಡಂ ಕಡೆಯಿಂದ 31 ಮೆಸೇಜ್, 6 ಆರ್ಡರ್, ಒಂದು ವಾಪಸ್ ಬಂತು. ಫೋಟೋದಲ್ಲಿ ಕಂಡ ಬಣ್ಣ ಬೇರೆ ಅಂದರು. ಐದು ಕುರ್ತಾದಲ್ಲಿ ಉಳಿದಿದ್ದು 3,050, ನನ್ನ ಖರ್ಚು 2,140. ಜಾಹೀರಾತು ಇನ್ನೂ ಓಡಿಸಿಲ್ಲ. ನಿಮ್ಮ ಮಾತು ಹೇಳೋಕೆ ಮರೆತೆ, ಹಾಡು ಹಾಕಿಬಿಟ್ಟಿದ್ದರು. ಈಗ ಅವರೇ ದನಿ ಕೊಟ್ಟು ಮತ್ತೆ ಮಾಡ್ತಿದ್ದಾರೆ.

ಅಕ್ಕನಿಂದ 23 ಮೆಸೇಜ್, 9 ಆರ್ಡರ್. ಉಳಿದಿದ್ದು 5,490, ಖರ್ಚು 990. ಶೇಂಗಾ ಹೋಳಿಗೆ ಮಾಡ್ತಾ ಕುರ್ತಾ ತೋರಿಸಿದ್ದಾರೆ, ತೋಳಿಗೆ ಹಿಟ್ಟು ಮೆತ್ತಿಕೊಂಡಿದೆ. ನಾನು ಮೊದಲು ಅಯ್ಯೋ ಅಂದೆ. ಒಗೆದ ಮೇಲೆ ಮರುದಿನ ಅದನ್ನೇ ಹಾಕಿಕೊಂಡು ಸ್ಟೋರಿ ಮಾಡಿದರು, "ನೋಡ್ರಿ, ಬಣ್ಣ ಹೋಗಿಲ್ಲ" ಅಂತ. ಆರ್ಡರ್ ಜಾಸ್ತಿ ಬಂದಿದ್ದು ಆ ಸ್ಟೋರಿ ಆದಮೇಲೆ.

ಅಂಗಡಿಗೇ ಬಂದು "ಹೋಳಿಗಿ ಮಾಡೋ ಅಕ್ಕ ಹಾಕ್ಕೊಂಡಿದ್ರಲ್ಲ, ಅದು ಕೊಡ್ರಿ" ಅಂದವರು ಏಳೆಂಟು ಜನ. ಅವರನ್ನ ಇದರಲ್ಲಿ ಸೇರಿಸಿಲ್ಲ.

ಡಿಜಿಟಲ್ ಮಾವ

ಒಂದು ಹಬ್ಬದ ಲೆಕ್ಕ ಇದು. ಪಂಚಮಿಗೆ ಯಾರು ಹಾಕಿದ್ರೂ ಹೋಗ್ತಿತ್ತೇನೋ.

ಕೇಶ್ವಾಪುರದವ

ಮಾವ ಈ ಸಲ ಸರಿಯಾಗಿ ಹಿಡಿದ್ರು. ಹಬ್ಬ ಇಲ್ಲದ ತಿಂಗಳಲ್ಲಿ ಇನ್ನೊಮ್ಮೆ ಮಾಡಿ ನೋಡದೆ ಏನೂ ಹೇಳೋಕಾಗಲ್ಲ.

ಸಪ್ತಾಪುರ ಕ್ಯಾಮೆರಾ

ಅಕ್ಕನಿಗೆ ಮುಂದಿನ ಸಲ ದುಡ್ಡು ಕೊಡ್ತೀರಾ?

ಬೆಟಗೇರಿ ಅಂಗಡಿ

ಕೇಳಿದೆ. "ದುಡ್ಡು ತಗೊಂಡ್ರ ಮನ್ಯಾಗ ಕೇಳ್ತಾರ, ಸೀರಿ ಆದ್ರ ಯಾರೂ ಕೇಳಂಗಿಲ್ಲ" ಅಂದರು. ಏನು ಮಾಡೋದು ಗೊತ್ತಾಗ್ತಿಲ್ಲ. ಸದ್ಯಕ್ಕೆ ಅವರ ಹೆಸರಿನಲ್ಲಿ ಅಂಗಡಿ ಪುಸ್ತಕದಲ್ಲಿ 1,500 ಬರೆದಿಟ್ಟಿದ್ದೇನೆ.